ಕಂತು ಬೌನ್ಸ್, ಖಾತೆ ಮೈನಸ್: ತಡವಾಗಿ ಬಂದ ರಿವರ್ಸಲ್ ಮತ್ತು ಶುಲ್ಕ ಮನ್ನಾ

ಉಳಿತಾಯ ಖಾತೆಯಲ್ಲಿ ಇದ್ದಷ್ಟೇ ಹಣ ತೆಗೆಯಲು ಸಾಧ್ಯ. ಓವರ್‌ಡ್ರಾಫ್ಟ್ ಸೌಲಭ್ಯ ಪಡೆದವರನ್ನು ಬಿಟ್ಟರೆ, ಖಾತೆದಾರರು ತಾವಾಗಿ ಅದನ್ನು ಸೊನ್ನೆಗಿಂತ ಕೆಳಗೆ ಇಳಿಸಲಾರರು. ಎಟಿಎಂ ಆಗಲಿ, ಯುಪಿಐ ಆಗಲಿ, ಚೆಕ್ಕಾಗಲಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಹೀಗಿದ್ದೂ ಸ್ಟೇಟ್‌ಮೆಂಟಿನಲ್ಲಿ ಮೈನಸ್ ಕಂಡರೆ, ಹೆಚ್ಚಿನ ಸಂದರ್ಭಗಳಲ್ಲಿ ಅದು ಬ್ಯಾಂಕ್ ತಾನೇ ಹಾಕಿಕೊಂಡ ಶುಲ್ಕದಿಂದ ಆದದ್ದು. ಸಾಲದ ಕಂತು ಖಾತೆಯಿಂದ ತಾನಾಗಿ ಕಡಿತವಾಗಬೇಕಿತ್ತು, ಹಣ ಸಾಲಲಿಲ್ಲ, ಕಂತು ಬೌನ್ಸ್ ಆಯಿತು, ಬೌನ್ಸ್ ಆದದ್ದಕ್ಕೆ ಶುಲ್ಕ ಬಿತ್ತು, ಆ ಶುಲ್ಕಕ್ಕೂ ಖಾತೆಯಲ್ಲಿ ಹಣವಿರಲಿಲ್ಲ. ಹಣ ಸಾಲದಿರುವುದಕ್ಕೆ ಖಾತೆದಾರರೇ ಕಾರಣರಾಗಿದ್ದರೆ ಶುಲ್ಕವನ್ನು ಪ್ರಶ್ನಿಸುವುದು ಕಷ್ಟ. ಆದರೆ ವಿಫಲವಾದ ಯುಪಿಐ ಪಾವತಿಯ ಹಣ ಹೊತ್ತಿಗೆ ಸರಿಯಾಗಿ ಖಾತೆಗೆ ಮರಳದೆ ಕಂತು ತಪ್ಪಿದ್ದರೆ ವಿಷಯ ಬೇರೆ. ಅಲ್ಲಿ ರಿಸರ್ವ್ ಬ್ಯಾಂಕಿನ ಗಡುವು ಇದೆ, ದಿನಕ್ಕೆ ಇಷ್ಟು ಎಂಬ ಪರಿಹಾರ ಇದೆ, ಶುಲ್ಕ ವಾಪಸ್ ಕೇಳಲು ಗಟ್ಟಿಯಾದ ಆಧಾರವೂ ಇದೆ.

ಬೈಕು, ಮನೆ, ಮೊಬೈಲ್ ಸಾಲಗಳ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಎಸ್‌ಐಪಿ ಇವುಗಳಲ್ಲಿ ಬಹುಪಾಲು ಇಂದು ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ ಕಡಿತವಾಗುತ್ತವೆ. ಯುಪಿಐಯನ್ನು ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಅಂದರೆ ಎನ್‌ಪಿಸಿಐ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಸಾಲ ಪಡೆಯುವಾಗ ಖಾತೆದಾರರು ಸಹಿ ಹಾಕಿ ಅಥವಾ ಆಧಾರ್ ಒಟಿಪಿ ಕೊಟ್ಟು ಒಪ್ಪುವ ಅನುಮತಿಗೆ ಮ್ಯಾಂಡೇಟ್ ಎನ್ನುತ್ತಾರೆ. ಪ್ರತಿ ಮ್ಯಾಂಡೇಟಿಗೂ UMRN ಎಂಬ ಪ್ರತ್ಯೇಕ ಸಂಖ್ಯೆ ಇರುತ್ತದೆ. ಕಂತಿನ ದಿನ ಸಾಲ ಕೊಟ್ಟ ಕಂಪನಿ ತನ್ನ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಒಂದು ಪಟ್ಟಿ ಕಳಿಸುತ್ತದೆ. ಎನ್‌ಪಿಸಿಐ ಅದನ್ನು ಸಾಲಗಾರರ ಬ್ಯಾಂಕುಗಳಿಗೆ ಹಂಚುತ್ತದೆ. ಬ್ಯಾಂಕಿನ ಕಂಪ್ಯೂಟರು ಪ್ರತಿ ಖಾತೆಯಲ್ಲಿ ಪೂರ್ತಿ ಮೊತ್ತ ಇದೆಯೇ ಎಂದು ನೋಡುತ್ತದೆ. ಇದ್ದರೆ ಕಡಿತ, ಒಂದು ರೂಪಾಯಿ ಕಡಿಮೆಯಿದ್ದರೂ ವಾಪಸ್. ಇರುವಷ್ಟು ತೆಗೆದುಕೊಂಡು ಉಳಿದದ್ದನ್ನು ಆಮೇಲೆ ಕೇಳುವ ಪದ್ಧತಿ ಇಲ್ಲ. 2021ರ ಆಗಸ್ಟ್ 1ರಿಂದ ನ್ಯಾಚ್ ರಜೆಯಿಲ್ಲದೆ ವಾರದ ಏಳೂ ದಿನ ನಡೆಯುತ್ತಿರುವುದರಿಂದ ಭಾನುವಾರವೂ ಹಬ್ಬದ ದಿನವೂ ಕಂತು ಕಡಿತವಾಗಬಹುದು. ಪಟ್ಟಿ ಬೆಳಗ್ಗೆಯೇ ಬಂದುಬಿಟ್ಟರೆ ಮಧ್ಯಾಹ್ನ ಖಾತೆಗೆ ಹಾಕಿದ ಹಣ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ದಿನ ರಾತ್ರಿಯೇ ಹಣ ಇರಬೇಕು ಎಂದು ಬ್ಯಾಂಕಿನವರು ಹೇಳುವುದು ಇದೇ ಕಾರಣಕ್ಕೆ.

ಕಂತು ವಾಪಸಾದಾಗ ಎರಡು ಕಡೆ ಶುಲ್ಕ ಬೀಳುತ್ತದೆ. ಇದು ಅನೇಕರಿಗೆ ತಿಳಿದಿರುವುದಿಲ್ಲ. ಖಾತೆ ಇರುವ ಬ್ಯಾಂಕು ತನ್ನ ಶುಲ್ಕಪಟ್ಟಿಯ ಪ್ರಕಾರ ಹಾಕುವುದು ಒಂದು. ಅದು ಸಾಮಾನ್ಯವಾಗಿ 250ರಿಂದ 500 ರೂಪಾಯಿಯ ಆಸುಪಾಸಿನಲ್ಲಿರುತ್ತದೆ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಸಾಲ ಕೊಟ್ಟ ಕಂಪನಿ ತನ್ನ ಕರಾರಿನ ಪ್ರಕಾರ ಸಾಲದ ಖಾತೆಗೆ ಹಾಕುವ ಬೌನ್ಸ್ ಚಾರ್ಜು ಮತ್ತೊಂದು. ಎರಡೂ ಬೇರೆ ಬೇರೆ ಸಂಸ್ಥೆಗಳ ಶುಲ್ಕಗಳು, ಎರಡನ್ನೂ ಬೇರೆ ಬೇರೆ ಕಡೆ ಕೇಳಬೇಕು. ಬ್ಯಾಂಕಿನ ಶಾಖೆಗೆ ಹೋಗಿ ಫೈನಾನ್ಸ್ ಕಂಪನಿಯ ಬೌನ್ಸ್ ಚಾರ್ಜಿನ ಬಗ್ಗೆ ಜಗಳವಾಡಿದರೆ ಸಿಗುವುದು ನಿರಾಶೆ ಮಾತ್ರ.

ಇನ್ನು ರಿವರ್ಸಲ್ ಏಕೆ ತಡವಾಗುತ್ತದೆ ಎಂಬುದು. ಯುಪಿಐಯಲ್ಲಿ ಹಣ ಕಳಿಸಿದಾಗ ಮೊದಲು ಕಳಿಸುವವರ ಖಾತೆಯಿಂದ ಕಡಿತ, ಆಮೇಲೆ ಪಡೆಯುವವರ ಖಾತೆಗೆ ಜಮೆ. ಮೊದಲನೆಯದು ನಡೆದು ಎರಡನೆಯದಕ್ಕೆ ಆ ಕಡೆಯ ಬ್ಯಾಂಕಿನಿಂದ ಉತ್ತರ ಬರದಿದ್ದರೆ ವ್ಯವಹಾರ ನಡುವೆ ಸಿಕ್ಕಿಕೊಳ್ಳುತ್ತದೆ. ಹಣ ಜಮೆ ಆಗಿದೆಯೋ ಇಲ್ಲವೋ ಎಂಬುದು ಕಳಿಸಿದವರ ಬ್ಯಾಂಕಿಗೆ ಆ ಕ್ಷಣದಲ್ಲಿ ಗೊತ್ತಿರುವುದಿಲ್ಲ. ಉತ್ತರ ಬಾರದೆ ಹಣ ಮರಳಿಸಿಬಿಟ್ಟರೆ, ಆ ಕಡೆ ಜಮೆಯೂ ಆಗಿದ್ದ ಪಕ್ಷದಲ್ಲಿ ಒಂದೇ ಹಣ ಇಬ್ಬರಿಗೂ ಸಿಕ್ಕಂತಾಗುತ್ತದೆ. ಹಾಗಾಗಿ ಎರಡೂ ಬ್ಯಾಂಕುಗಳ ಲೆಕ್ಕ ತಾಳೆಯಾಗುವವರೆಗೆ ಆಪ್‌ನಲ್ಲಿ ‘ಪೆಂಡಿಂಗ್’ ಎಂದು ತೋರಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಮುಗಿಯದೆ ದಿನಗಟ್ಟಲೆ ಉಳಿದಾಗಲೇ ತೊಂದರೆ.

ಇದಕ್ಕೆ ಗಡುವು ಹಾಕಿದ್ದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ. ಅದು ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ವ್ಯವಹಾರ ನಡೆದ ದಿನವನ್ನು ಅದು T ಎಂದು ಗುರುತಿಸುತ್ತದೆ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಯುಪಿಐ ಮೂಲಕ ಕಳಿಸಿದ ಹಣ ಅಲ್ಲಿ ಜಮೆ ಆಗದಿದ್ದರೆ ಮರುದಿನದೊಳಗೆ, ಅಂದರೆ T+1ರೊಳಗೆ, ತಾನಾಗಿ ವಾಪಸಾಗಬೇಕು. ಅಂಗಡಿಗೆ ಮಾಡಿದ ಪಾವತಿಯಲ್ಲಿ ಹಣ ಹೋಗಿ ವ್ಯಾಪಾರಿಗೆ ಖಾತ್ರಿಯ ಸಂದೇಶ ಬಾರದಿದ್ದರೆ ಗಡುವು T+5. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಹೋದರೂ ಇದೇ ಐದು ದಿನ. ಗಡುವು ಮೀರಿದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಅದನ್ನು ಗ್ರಾಹಕರು ಅರ್ಜಿ ಕೊಡಲಿ ಬಿಡಲಿ, ಬ್ಯಾಂಕು ತಾನಾಗಿ ಖಾತೆಗೆ ಹಾಕಬೇಕು ಎಂದು ಸುತ್ತೋಲೆ ಹೇಳುತ್ತದೆ. ಬಾರದಿದ್ದರೆ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಕಿಲ್ಲ.

ಒಂದು ಮತ್ತು ಐದರ ಈ ವ್ಯತ್ಯಾಸ ಮುಂದಿನ ವಾದಕ್ಕೆಲ್ಲ ತಳಹದಿ. ಅಂಗಡಿಯ ಕ್ಯೂಆರ್ ಕೋಡಿಗೆ ಮಾಡಿದ ಪಾವತಿ 3ನೇ ತಾರೀಖು ವಿಫಲವಾಗಿ, 5ಕ್ಕೆ ಕಂತು ಬೌನ್ಸ್ ಆಗಿ, 7ಕ್ಕೆ ಹಣ ವಾಪಸಾದರೆ ಬ್ಯಾಂಕು ಗಡುವು ಮೀರಿಲ್ಲ. ಆಗ ಶುಲ್ಕ ಮನ್ನಾ ಬ್ಯಾಂಕಿನ ಸೌಜನ್ಯಕ್ಕೆ ಬಿಟ್ಟದ್ದು. ಅದೇ ಹಣವನ್ನು ಒಬ್ಬ ವ್ಯಕ್ತಿಯ ಖಾತೆಗೆ ಕಳಿಸಿದ್ದರೆ 4ರ ರಾತ್ರಿಯೊಳಗೆ ವಾಪಸಾಗಬೇಕಿತ್ತು, 5ರ ಕಂತಿಗೆ ಅದು ಸಿಗಬೇಕಿತ್ತು.

ಒಂದು ಲೆಕ್ಕವನ್ನು ಪೂರ್ತಿಯಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಲೆಕ್ಕ ಕಲ್ಪಿತ, ಆದರೆ ನಡೆಯುವ ರೀತಿ ಇದೇ. ಹುಬ್ಬಳ್ಳಿಯ ಅಂಗಡಿ ನೌಕರನೊಬ್ಬನ ಖಾತೆಯಲ್ಲಿ 3ನೇ ತಾರೀಖು ಸಂಜೆ 13,140 ರೂಪಾಯಿ ಇದೆ. ಊರಿನಲ್ಲಿರುವ ಅಣ್ಣನಿಗೆ 3,500 ಕಳಿಸುತ್ತಾನೆ. ಹಣ ಕಡಿತವಾಗುತ್ತದೆ, ಅಣ್ಣನಿಗೆ ಮುಟ್ಟುವುದಿಲ್ಲ. ಹಣದ ತುರ್ತಿದ್ದುದರಿಂದ ಮತ್ತೊಮ್ಮೆ 3,500 ಕಳಿಸುತ್ತಾನೆ, ಈ ಸಲ ಮುಟ್ಟುತ್ತದೆ. 5ಕ್ಕೆ ಬೈಕಿನ ಕಂತು 6,400 ಇದೆ. ಮುಂದಿನ ದಿನಗಳ ಸ್ಟೇಟ್‌ಮೆಂಟು ಹೀಗಿರುತ್ತದೆ:

```
ತಾರೀಖು  ವಿವರ                        ಮೊತ್ತ      ಶಿಲ್ಕು
03   UPI/DR (ಜಮೆ ಆಗಿಲ್ಲ)           -3,500     9,640
03   UPI/DR (ಜಮೆ ಆಗಿದೆ)            -3,500     6,140
05   NACH RTN CHG + GST            -590     5,550
06   UPI/DR (ಫೈನಾನ್ಸ್ ಕಂಪನಿಗೆ)     -5,500        50
08   NACH RTN CHG + GST            -590      -540
10   UPI/REV                     +3,500     2,960
```

5ರಂದು ಕಂತಿಗೆ ಕಡಿಮೆ ಬಿದ್ದದ್ದು ಕೇವಲ 260 ರೂಪಾಯಿ. ಅದಕ್ಕೆ ಬ್ಯಾಂಕು ಹಾಕಿದ್ದು 500 ರೂಪಾಯಿ ಶುಲ್ಕ, 90 ರೂಪಾಯಿ ಜಿಎಸ್‌ಟಿ. ಫೈನಾನ್ಸ್ ಕಂಪನಿಯಿಂದ ಫೋನ್ ಬಂದದ್ದೇ ಅವನು ಗಾಬರಿಯಾಗಿ ಮರುದಿನ ಖಾತೆಯಿಂದ 5,500, ಸ್ನೇಹಿತನ ಹತ್ತಿರ ಕೈಗಡ ಮಾಡಿದ 900 ಸೇರಿಸಿ ಕಂತು ಕಟ್ಟುತ್ತಾನೆ. ಆದರೆ ಕಂಪನಿಯ ಕಂಪ್ಯೂಟರಿನಲ್ಲಿ ಆ ಪಾವತಿ ದಾಖಲಾಗುವ ಮೊದಲೇ ಹಳೆಯ ಕಂತನ್ನು 8ರಂದು ಮತ್ತೆ ವಸೂಲಿಗೆ ಕಳಿಸುವ ಪಟ್ಟಿ ತಯಾರಾಗಿರುತ್ತದೆ. 50 ರೂಪಾಯಿ ಇರುವ ಖಾತೆಯ ಮೇಲೆ 6,400ರ ಬೇಡಿಕೆ ಬರುತ್ತದೆ, ಮತ್ತೆ ಬೌನ್ಸ್, ಮತ್ತೆ 590. ಖಾತೆ ಮೈನಸ್ 540ಕ್ಕೆ ಇಳಿಯುವುದು ಇಲ್ಲಿ. 10ಕ್ಕೆ ಮರಳಿದ 3,500ರಲ್ಲಿ 540 ಮೈನಸ್ ತುಂಬಲು ಹೋಗಿ 2,960 ಉಳಿಯುತ್ತದೆ. ಮೆಸೇಜಿನಲ್ಲಿ ‘3,500 ಜಮೆ’ ಎಂದು ನೋಡಿ ಖಾತೆ ತೆರೆದವನಿಗೆ ಲೆಕ್ಕ ಹೊಂದದಿರುವುದು ಇದರಿಂದಲೇ. ಬೌನ್ಸ್ ಆದ ಕಂತು ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ಕಾಣುವುದೇ ಇಲ್ಲ, ಅದರ ಶುಲ್ಕ ಮಾತ್ರ ಕಾಣುತ್ತದೆ. ಇನ್ನು ಕೆಲವು ಕಡೆ ಅದೇ ದಿನ ಕಡಿತ ಮತ್ತು ವಾಪಸ್ ಎರಡೂ ನಮೂದಾಗಿರುತ್ತವೆ.

ರಿವರ್ಸಲ್ ಗಡುವಿನಂತೆ 4ಕ್ಕೆ ಬಂದಿದ್ದರೆ ಅಂದು ರಾತ್ರಿ ಖಾತೆಯಲ್ಲಿ 9,640 ಇರುತ್ತಿತ್ತು. 5ಕ್ಕೆ ಕಂತು ಸಲೀಸಾಗಿ ಹೋಗಿ 3,240 ಉಳಿಯುತ್ತಿತ್ತು, ಒಂದು ಶುಲ್ಕವೂ ಬೀಳುತ್ತಿರಲಿಲ್ಲ. ಮನ್ನಾ ಕೇಳುವ ಅರ್ಜಿಯ ಜೀವಾಳ ಈ ಎರಡು ವಾಕ್ಯಗಳು. ಬ್ಯಾಂಕಿನ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೂ ಇವೇ ಉತ್ತರ. ‘ಪಾವತಿ ಯಶಸ್ವಿಯಾಗಿದ್ದರೂ ನಿಮ್ಮ ಖಾತೆಯಿಂದ ಹಣ ಹೋಗುತ್ತಿತ್ತಲ್ಲ, ಆಗಲೂ ಕಂತು ಬೌನ್ಸ್ ಆಗುತ್ತಿತ್ತಲ್ಲವೇ’ ಎಂಬುದು ಆ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಎರಡನೆಯ ಸಲ ಕಳಿಸಿದ 3,500 ಯಶಸ್ವಿಯಾಗಿ ಹೋದ ಮೇಲೂ, ಮೊದಲನೆಯದು ಮರಳಿದ್ದರೆ ಕಂತಿಗೆ ಸಾಕಾಗಿ ಮಿಗುತ್ತಿತ್ತು. ಇದನ್ನು ತೋರಿಸಲಾಗದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಖಾತೆಯಲ್ಲಿ ಒಟ್ಟು 4,000 ಇದ್ದು 3,500 ಸಿಕ್ಕಿಬಿದ್ದಿದ್ದರೆ 6,400ರ ಕಂತು ಹೇಗೂ ಬೌನ್ಸ್ ಆಗುತ್ತಿತ್ತು. ಆಗ ತಡವಾದದ್ದಕ್ಕೆ ದಿನಕ್ಕೆ 100ರ ಪರಿಹಾರ ಸಿಗಬಹುದೇ ಹೊರತು ಬೌನ್ಸ್ ಶುಲ್ಕದ ಮನ್ನಾಕ್ಕೆ ಆಧಾರವಿಲ್ಲ.

ಮೈನಸ್ ಎಂಬುದರಲ್ಲೂ ಎರಡು ಬಗೆ. ಶುಲ್ಕವನ್ನು ನಿಜವಾಗಿಯೂ ಖರ್ಚು ಬರೆದು ಶಿಲ್ಕನ್ನು ಸೊನ್ನೆಗಿಂತ ಕೆಳಗೆ ಇಳಿಸುವುದು ಒಂದು. ಖಾತೆಯಲ್ಲಿರುವಷ್ಟನ್ನು ತೆಗೆದುಕೊಂಡು, ಉಳಿದ ಶುಲ್ಕವನ್ನು ಬಾಕಿ ಎಂದು ಬರೆದಿಟ್ಟುಕೊಂಡು, ಅಷ್ಟು ಮೊತ್ತಕ್ಕೆ ‘ಹೋಲ್ಡ್’ ಅಥವಾ ‘ಲಿಯೆನ್’ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಪಾಸ್‌ಬುಕ್ಕಿನ ಶಿಲ್ಕು ಸೊನ್ನೆ ಎಂದಿರುತ್ತದೆ, ಆಪ್‌ನ ‘Available Balance’ ಮಾತ್ರ ಮೈನಸ್ ತೋರಿಸುತ್ತದೆ. ಸಂಬಳ ಬಿದ್ದ ಕೂಡಲೇ ಬಾಕಿ ಶುಲ್ಕ ತಾನಾಗಿ ಕಡಿತವಾಗುತ್ತದೆ. ಅರ್ಜಿ ಬರೆಯುವ ಮೊದಲು ಶಾಖೆಯಲ್ಲಿ ಎರಡು ಪ್ರಶ್ನೆ ಕೇಳಿ ತಿಳಿಯಬೇಕು: ಈಗಾಗಲೇ ಕಡಿತವಾದ ಶುಲ್ಕ ಎಷ್ಟು, ಕಡಿತವಾಗದೆ ಬಾಕಿ ಕೂತಿರುವ ಶುಲ್ಕ ಎಷ್ಟು. ಕಡಿತವಾದದ್ದನ್ನು ವಾಪಸ್ ಜಮೆ ಮಾಡಬೇಕು, ಬಾಕಿ ಇರುವುದನ್ನು ಹೋಲ್ಡ್ ತೆಗೆದು ರದ್ದು ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮುಂದಿನ ತಿಂಗಳ ಸಂಬಳದಲ್ಲಿ ಅದೇ ಶುಲ್ಕ ಮತ್ತೆ ಹೋಗುತ್ತದೆ.

ಇಲ್ಲಿ ಜನ ಆಗಾಗ ತಪ್ಪಾಗಿ ಉಲ್ಲೇಖಿಸುವ ಒಂದು ನಿಯಮವಿದೆ. ಕನಿಷ್ಠ ಶಿಲ್ಕು ಇಡದ್ದಕ್ಕೆ ಹಾಕುವ ದಂಡದಿಂದಲೇ ಉಳಿತಾಯ ಖಾತೆ ಮೈನಸ್ ಆಗಬಾರದು ಎಂದು ರಿಸರ್ವ್ ಬ್ಯಾಂಕು 2014ರ ನವೆಂಬರಿನ ಸುತ್ತೋಲೆಯಲ್ಲಿ ಹೇಳಿದೆ, ಅದು 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಿಲ್ಕು ಕಡಿಮೆಯಾದಾಗ ಮೊದಲು ಗ್ರಾಹಕರಿಗೆ ತಿಳಿಸಿ, ಸರಿಪಡಿಸಲು ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಬೇಕು ಎಂಬುದೂ ಅದರಲ್ಲಿದೆ. ಆದರೆ ಆ ಮಾತು ಕನಿಷ್ಠ ಶಿಲ್ಕಿನ ದಂಡಕ್ಕೆ ಸಂಬಂಧಿಸಿದ್ದು. ನ್ಯಾಚ್ ವಾಪಸಾದದ್ದರ ಶುಲ್ಕವನ್ನು ಅದು ಹೆಸರಿಸಿಲ್ಲ. ‘ಖಾತೆ ಮೈನಸ್ ಮಾಡುವುದೇ ಕಾನೂನುಬಾಹಿರ’ ಎಂದು ಬರೆದ ಅರ್ಜಿಗೆ ಬ್ಯಾಂಕು ಸುಲಭವಾಗಿ ಉತ್ತರ ಕೊಟ್ಟು ಮುಗಿಸುತ್ತದೆ. ಮೈನಸ್ ಎಂಟ್ರಿಗಳಲ್ಲಿ ಕನಿಷ್ಠ ಶಿಲ್ಕಿನ ದಂಡವೂ ಬೆರೆತಿದ್ದರೆ ಅದನ್ನು ಪ್ರತ್ಯೇಕಿಸಿ, ಅದಕ್ಕೆ ಮಾತ್ರ ಈ ಸುತ್ತೋಲೆಯನ್ನು ಹೇಳುವುದು ಸರಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ತನ್ನ ಎಲ್ಲ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ದಂಡವನ್ನೇ ಕೈಬಿಟ್ಟಿದೆ. ಹಾಗೆಂದು ಅಲ್ಲಿ ಕಂತು ಬೌನ್ಸ್ ಆದರೆ ಶುಲ್ಕವಿಲ್ಲ ಎಂದು ಅರ್ಥವಲ್ಲ.

ಮನ್ನಾ ಕೇಳುವ ಕೆಲಸ ಹಣ ಮರಳುವ ಮೊದಲೇ ಶುರುವಾಗಬೇಕು. ಪಾವತಿ ಸಿಕ್ಕಿಬಿದ್ದ ದಿನವೇ ಯುಪಿಐ ಆಪ್‌ನಲ್ಲಿ ಆ ವ್ಯವಹಾರವನ್ನು ತೆರೆದು ದೂರು ದಾಖಲಿಸಿದರೆ ಒಂದು ದೂರು ಸಂಖ್ಯೆ ಸಿಗುತ್ತದೆ. ಅದು ಕೈಯಲ್ಲಿದ್ದರೆ ‘ನೀವು ಮೊದಲೇ ಹೇಳಲಿಲ್ಲ’ ಎಂಬ ಮಾತಿಗೆ ಎಡೆಯಿಲ್ಲ. ಪ್ರತಿ ಯುಪಿಐ ವ್ಯವಹಾರಕ್ಕೂ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ, ಬ್ಯಾಂಕಿನವರು ಹುಡುಕುವುದು ಅದರಿಂದಲೇ. ಆಪ್‌ನ ‘ಪೆಂಡಿಂಗ್’ ಪರದೆಯ ಸ್ಕ್ರೀನ್‌ಶಾಟನ್ನೂ ಆಗಲೇ ತೆಗೆದಿಡುವುದು ಒಳ್ಳೆಯದು, ಏಕೆಂದರೆ ಹಣ ಮರಳಿದ ಮೇಲೆ ಆ ಪರದೆ ಬದಲಾಗುತ್ತದೆ. ಕಂತಿನ ದಿನ ಹತ್ತಿರವಿದ್ದರೆ ಸಾಲ ಕೊಟ್ಟ ಕಂಪನಿಗೂ ಅಂದೇ ಇಮೇಲ್ ಕಳಿಸಬಹುದು. ಬಹಳಷ್ಟು ಕಂಪನಿಗಳು ಕಂತಿನ ದಿನಕ್ಕೆ ಒಂದೆರಡು ದಿನ ಇರುವಾಗ ಪಟ್ಟಿಯಿಂದ ಹೆಸರು ತೆಗೆಯಲು ಒಪ್ಪುವುದಿಲ್ಲ, ಆದರೂ ಇಮೇಲ್ ದಾಖಲೆಯಾಗಿ ಉಳಿಯುತ್ತದೆ.

ಬ್ಯಾಂಕಿಗೆ ಕೊಡುವ ಅರ್ಜಿ ಒಂದು ಪುಟ ದಾಟಬೇಕಾಗಿಲ್ಲ. ಮೇಲಿನ ಲೆಕ್ಕಕ್ಕೆ ಅದು ಹೀಗಿರಬಹುದು:

‘ಮಾನ್ಯ ವ್ಯವಸ್ಥಾಪಕರೇ, ದಿನಾಂಕ 3ರಂದು ನನ್ನ ಖಾತೆಯಿಂದ 3,500 ರೂಪಾಯಿ ಯುಪಿಐ ಮೂಲಕ ಕಡಿತವಾಗಿ ಪಡೆಯುವವರಿಗೆ ಜಮೆ ಆಗಿಲ್ಲ (ಉಲ್ಲೇಖ ಸಂಖ್ಯೆ ಲಗತ್ತಿಸಿದೆ). ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯ ಪ್ರಕಾರ ಅದು 4ರೊಳಗೆ ಮರಳಬೇಕಿತ್ತು. ಮರಳಿದ್ದು 10ರಂದು. 4ಕ್ಕೆ ಮರಳಿದ್ದರೆ 5ರ ಬೆಳಗ್ಗೆ ನನ್ನ ಖಾತೆಯಲ್ಲಿ 9,640 ರೂಪಾಯಿ ಇದ್ದು 6,400ರ ಕಂತು ಪಾವತಿಯಾಗುತ್ತಿತ್ತು. ಆದ್ದರಿಂದ 5 ಮತ್ತು 8ರಂದು ಹಾಕಿದ ಒಟ್ಟು 1,180 ರೂಪಾಯಿ ಶುಲ್ಕವನ್ನು ಜಿಎಸ್‌ಟಿ ಸಹಿತ ವಾಪಸ್ ಜಮೆ ಮಾಡಬೇಕು. ಆರು ದಿನದ ವಿಳಂಬಕ್ಕೆ 600 ರೂಪಾಯಿ ಪರಿಹಾರ ಕೊಡಬೇಕು. ಖಾತೆಯ ಮೇಲೆ ಬಾಕಿ ಶುಲ್ಕದ ಹೋಲ್ಡ್ ಇದ್ದರೆ ತೆಗೆಯಬೇಕು. ಕಂತು ವಾಪಸಾಗಲು ರಿವರ್ಸಲ್ ತಡವಾದದ್ದು ಕಾರಣವೆಂದು ಒಂದು ಪತ್ರ ಕೊಡಬೇಕು.’

ಕೊನೆಯ ಬೇಡಿಕೆ ಸಣ್ಣದಾಗಿ ಕಂಡರೂ ಫೈನಾನ್ಸ್ ಕಂಪನಿಯ ಮುಂದೆ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಅರ್ಜಿಯನ್ನು ಶಾಖೆಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಇಮೇಲ್ ಅಥವಾ ಆಪ್ ಮೂಲಕ ಕೊಟ್ಟರೆ ದೂರು ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನ ಜಾಲತಾಣದಲ್ಲಿ ‘ಪರಿಹಾರ ನೀತಿ’ ಎಂಬ ದಾಖಲೆ ಇರುತ್ತದೆ. ತಪ್ಪು ಕಡಿತದಿಂದ ಗ್ರಾಹಕರಿಗೆ ಆದ ನಷ್ಟವನ್ನು ಬ್ಯಾಂಕು ಯಾವಾಗ ತುಂಬಿಕೊಡುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಬೌನ್ಸ್ ಶುಲ್ಕ ವಾಪಸ್ ಕೊಡಬೇಕು ಎಂಬ ಮಾತು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಲ್ಲಿ ನೇರವಾಗಿ ಇಲ್ಲದ ಕಾರಣ, ಬ್ಯಾಂಕು ತಾನೇ ಬರೆದುಕೊಂಡ ಈ ನೀತಿಯ ಸಾಲನ್ನು ಅರ್ಜಿಯಲ್ಲಿ ಸೇರಿಸಿದರೆ ತೂಕ ಬರುತ್ತದೆ. ಕೌಂಟರಿನಲ್ಲಿ ‘ಸಿಸ್ಟಮ್ ಹಾಕಿದ ಚಾರ್ಜು, ನಮ್ಮ ಕೈಲಿಲ್ಲ’ ಎಂಬ ಉತ್ತರ ಬರುವುದು ಮಾಮೂಲು. ಹಾಕಿದ್ದು ಸಿಸ್ಟಮ್ಮೇ ಇರಬಹುದು, ಆದರೆ ವಾಪಸ್ ಮಾಡಲು ವ್ಯವಸ್ಥಾಪಕರಿಗೆ ಅಥವಾ ಅವರ ಮೇಲಿನ ಕಚೇರಿಗೆ ಅಧಿಕಾರ ಇದ್ದೇ ಇರುತ್ತದೆ. ಕೇಳಬೇಕಾದದ್ದು ಅವರನ್ನು.

ವಾಪಸ್ ಬಂದ ಮೊತ್ತವನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. 500 ಜಮೆಯಾಗಿ 90 ಉಳಿದಿದ್ದರೆ ಜಿಎಸ್‌ಟಿ ಬಂದಿಲ್ಲ ಎಂದರ್ಥ. ಶುಲ್ಕವೇ ರದ್ದಾದ ಮೇಲೆ ಅದರ ಮೇಲಿನ ತೆರಿಗೆಯೂ ಬರಬೇಕು.

8ನೇ ತಾರೀಖಿನ ಎರಡನೆಯ ಬೌನ್ಸಿನ ಬಗ್ಗೆ ಬ್ಯಾಂಕು ತಕರಾರು ಎತ್ತಬಹುದು. ಅಂದು ಕಂತು ಕಟ್ಟಿ ಎರಡು ದಿನವಾಗಿತ್ತು, ಮತ್ತೆ ವಸೂಲಿಗೆ ಕಳಿಸಿದ್ದು ಫೈನಾನ್ಸ್ ಕಂಪನಿ. ಹಾಗಾಗಿ ಆ 590 ರೂಪಾಯಿಯನ್ನು ಕಂಪನಿಯಿಂದಲೂ ಕೇಳಬೇಕು. ಅಲ್ಲಿ ಬೇಕಾಗುವ ದಾಖಲೆ 6ರಂದು ಕಟ್ಟಿದ ರಸೀದಿ ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟು. ಕಂಪನಿ ತನ್ನ ಪಾಲಿಗೆ ಎರಡು ಸಲ ಬೌನ್ಸ್ ಚಾರ್ಜು ಹಾಕಿದ್ದರೆ ಎರಡನೆಯದು ನಿಲ್ಲುವುದೇ ಇಲ್ಲ, ಏಕೆಂದರೆ ಆಗ ಬಾಕಿಯೇ ಇರಲಿಲ್ಲ. ಮೊದಲನೆಯದಕ್ಕೆ ಬ್ಯಾಂಕಿನ ಪತ್ರ ಆಧಾರ. ಅದರ ಮೇಲೂ ಕಂಪನಿ ಒಪ್ಪದಿರಬಹುದು, ವಿಳಂಬ ಅವರದ್ದಲ್ಲ. ಹಳೆಯ ಗ್ರಾಹಕರಿಗೆ, ಹಿಂದೆ ಒಮ್ಮೆಯೂ ತಪ್ಪದೆ ಕಟ್ಟಿದವರಿಗೆ ಒಂದು ಸಲ ಬಿಟ್ಟುಕೊಡುವುದು ವಾಡಿಕೆ. ಅದನ್ನು ಹಕ್ಕಿನಂತೆ ಕೇಳುವುದಕ್ಕಿಂತ ಪತ್ರ ತೋರಿಸಿ ಕೋರುವುದು ಲೇಸು.

ಕಂಪನಿಯ ಶುಲ್ಕಗಳ ಲೆಕ್ಕವನ್ನೂ ಪರೀಕ್ಷಿಸಬೇಕು. ಕಂತು ತಪ್ಪಿದ್ದಕ್ಕೆ ದಂಡದ ರೂಪದಲ್ಲಿ ಹೆಚ್ಚುವರಿ ಬಡ್ಡಿ ಹಾಕುವುದನ್ನು ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರ ಸುತ್ತೋಲೆಯಿಂದ ನಿಲ್ಲಿಸಿತು. ಅದು 2024ರಲ್ಲಿ ಜಾರಿಗೆ ಬಂತು. ಈಗ ಹಾಕಬಹುದಾದದ್ದು ದಂಡಶುಲ್ಕ ಮಾತ್ರ, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಇಂಥ ದಂಡಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು ತೆರಿಗೆ ಇಲಾಖೆ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸಾಲದ ಸ್ಟೇಟ್‌ಮೆಂಟಿನಲ್ಲಿ ದಂಡಶುಲ್ಕದ ಪಕ್ಕದಲ್ಲಿ ಜಿಎಸ್‌ಟಿ ಕಂಡರೆ ಪ್ರಶ್ನಿಸಬಹುದು.

ಸಿಬಿಲ್ ಸ್ಕೋರಿನ ಭಯ ಈ ಹೊತ್ತಿನಲ್ಲಿ ದೊಡ್ಡದು. ಸಾಲದ ವರದಿಯಲ್ಲಿ ಮುಖ್ಯವಾಗಿ ಕಾಣುವುದು ಕಂತು ಎಷ್ಟು ದಿನ ಬಾಕಿ ಉಳಿಯಿತು ಎಂಬುದು. ಒಂದೆರಡು ದಿನದಲ್ಲಿ ಕಟ್ಟಿದ್ದರೆ ಹೆಚ್ಚು ಹಾನಿ ಇರುವುದಿಲ್ಲ. ಆದರೂ ತಿಂಗಳ ಬಳಿಕ ಒಮ್ಮೆ ವರದಿ ತೆಗೆಸಿ ನೋಡಬೇಕು. ತಪ್ಪು ನಮೂದಾಗಿದ್ದರೆ ತಿದ್ದಲು ಸಂಸ್ಥೆಗೆ 30 ದಿನ, ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಜಾಲತಾಣ cms.rbi.org.in, ಮಾಹಿತಿಗೆ ಫೋನ್ 14448. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಬ್ಯಾಂಕಿಗೆ ಮೊದಲು ದೂರು ಕೊಟ್ಟ ದಾಖಲೆ ಇಲ್ಲದಿದ್ದರೆ ಅಲ್ಲಿ ಅರ್ಜಿ ನಿಲ್ಲುವುದಿಲ್ಲ. ಮೊಹರಿನ ಪ್ರತಿ ಬೇಕಾಗುವುದು ಇಲ್ಲಿಯೇ. ಶುಲ್ಕದ ಮೊತ್ತ ಸಣ್ಣದೆಂದು ಅರ್ಜಿ ತಿರಸ್ಕಾರವಾಗುವುದಿಲ್ಲ, ಆದರೆ ‘ಶುಲ್ಕ ಜಾಸ್ತಿಯಾಯಿತು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಶುಲ್ಕ ಎಷ್ಟಿರಬೇಕು ಎಂಬುದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ. ಗಡುವು ಮೀರಿದ್ದರಿಂದ ಆದ ನಷ್ಟ ಎಂದು ತಾರೀಖುಗಳೊಂದಿಗೆ ಬರೆದಾಗ ಅದು ಸೇವಾಲೋಪದ ದೂರಾಗುತ್ತದೆ. ಸಾಲ ಕೊಟ್ಟದ್ದು ಸೌಹಾರ್ದ ಸಹಕಾರಿಯೋ ಪತ್ತಿನ ಸಹಕಾರ ಸಂಘವೋ ಆಗಿದ್ದರೆ ಅದು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ. ಅದರ ಶುಲ್ಕದ ವಿಷಯದಲ್ಲಿ ಸಹಕಾರ ಇಲಾಖೆಯ ಬಾಗಿಲು ತಟ್ಟಬೇಕು.

ದೂರು ನಡೆಯುತ್ತಿರುವಾಗ ಮಾಡಬಾರದ ಒಂದು ಕೆಲಸವಿದೆ. ಮತ್ತೆ ಬೌನ್ಸ್ ಆಗಬಾರದೆಂದು ಸಿಟ್ಟಿನಲ್ಲಿ ಮ್ಯಾಂಡೇಟನ್ನೇ ರದ್ದು ಮಾಡಿಸುವವರಿದ್ದಾರೆ. ರದ್ದು ಮಾಡುವ ಹಕ್ಕು ಖಾತೆದಾರರಿಗಿದೆ, ರದ್ದಾದ ಮೇಲೂ ಹಣ ಕಡಿತವಾದರೆ ಅದರ ಹೊಣೆ ಖಾತೆದಾರರ ಬ್ಯಾಂಕಿನದೇ, ಮರುದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100ರ ಪರಿಹಾರ ಇಲ್ಲಿಯೂ ಉಂಟು. ಆದರೆ ಸಾಲ ಅದರಿಂದ ರದ್ದಾಗುವುದಿಲ್ಲ, ಕಂತು ಬೇರೆ ದಾರಿಯಲ್ಲಿ ಕಟ್ಟಲೇಬೇಕು. ಹಣ ಸಾಲದೆ ಎಲೆಕ್ಟ್ರಾನಿಕ್ ಪಾವತಿ ವಾಪಸಾಗುವುದು ಚೆಕ್ ಬೌನ್ಸಿನಂತೆಯೇ ಶಿಕ್ಷಾರ್ಹ ಎಂದು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಹೇಳುತ್ತದೆ. ನೋಟಿಸು ಬಂದ 15 ದಿನದೊಳಗೆ ಬಾಕಿ ಕಟ್ಟಿದರೆ ಪ್ರಕರಣ ನಿಲ್ಲುವುದಿಲ್ಲ. ಅಂಥ ನೋಟಿಸು ಕೈಗೆ ಬಂದರೆ ಶುಲ್ಕದ ವಿವಾದವನ್ನು ಬದಿಗಿಟ್ಟು, ಮೊದಲು ಕಂತು ಕಟ್ಟಿ ರಸೀದಿ ಪಡೆಯಬೇಕು.